ಒಂದು ಬೆಡ್‌ರೂಮಿನ ಮನೆ, ಒಂದು ಬೆಕ್ಕು: ಎತ್ತರ, ಕಿಟಕಿ, ಆಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ ನಮ್ಮದು. ಹಾಲ್ 10 ಅಡಿ ಅಗಲ, 13 ಅಡಿ ಉದ್ದ. ಒಂದು ಮಲಗುವ ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸಲಷ್ಟೇ ಸಾಲುವ ಬಾಲ್ಕನಿ. ಬೀದಿಯಿಂದ ಬಂದ ಕೆಂಚ ಎಂಬ ಗಂಡು ಬೆಕ್ಕು ನಮ್ಮೊಂದಿಗಿದೆ. ಸಂತಾನಹರಣ ಆಗಿದೆ, ತೂಕ 4 ಕಿಲೋ ಚಿಲ್ಲರೆ, ಹೊರಗೆ ಬಿಡುವುದಿಲ್ಲ. ನಮ್ಮ ಮನೆಯ ಏರ್ಪಾಟು ನೋಡಿದವರು, ಹೊಸದಾಗಿ ಬೆಕ್ಕು ತಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮನೆ ಇಷ್ಟು ಚಿಕ್ಕದಿದೆ. ಹೊರಗೆ ಬಿಡದೆ ಇದರಲ್ಲೇ ಬೆಕ್ಕನ್ನು ಇಟ್ಟುಕೊಳ್ಳುವುದು ಅದಕ್ಕೆ ಹಿಂಸೆಯಲ್ಲವೇ?

ನಾವು ಮನೆಯನ್ನು ಚದರ ಅಡಿಯಲ್ಲಿ ಅಳೆಯುತ್ತೇವೆ. ಬೆಕ್ಕಿಗೆ ಲೆಕ್ಕ ಬೇರೆ. ನಿಶ್ಚಿಂತೆಯಿಂದ ಕೂರಬಹುದಾದ ಜಾಗಗಳೆಷ್ಟು, ಒಂದರಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ ಹೋಗಬಹುದೇ ಎಂಬುದೇ ಅದರ ಮನೆಯ ಅಳತೆ. ಬೆಕ್ಕು ಇಲಿ ಹಿಡಿಯುವ ಪ್ರಾಣಿ. ಜೊತೆಗೆ ನಾಯಿಯಂಥ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗುವ ಪ್ರಾಣಿಯೂ ಹೌದು. ಎತ್ತರದಲ್ಲಿದ್ದರೆ ಬೇಟೆಯೂ ಕಾಣುತ್ತದೆ, ಶತ್ರುವೂ ಕಾಣುತ್ತಾನೆ. ಆದ್ದರಿಂದ ನೆಲದ ಮೇಲೆ ಎಷ್ಟೇ ಜಾಗವಿದ್ದರೂ ಮೇಲೇರಲು ದಾರಿಯಿಲ್ಲದ ಮನೆ ಅದಕ್ಕೆ ಇಕ್ಕಟ್ಟೇ.

ಹೀಗೆ ಮಾಡಿ ನೋಡಿ. ಹಾಲಿನಲ್ಲಿ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಬೆಕ್ಕಿನ ಕಣ್ಣಿನ ಮಟ್ಟದಿಂದ ಸುತ್ತ ನೋಡಿ. ಸೋಫಾದ ಕಾಲು, ಕುರ್ಚಿಯ ಕಾಲು, ನಿಮ್ಮ ಕಾಲು ಇಷ್ಟೇ ಕಾಣುತ್ತವೆ. ಆಮೇಲೆ ಸ್ಟೂಲಿನ ಮೇಲೆ ನಿಂತು ಅದೇ ಕೋಣೆಯನ್ನು ನೋಡಿ. ನಾನು ಹೀಗೆ ನೋಡಿದ ದಿನವೇ ಬೀರುವಿನ ಮೇಲಿದ್ದ ಸೂಟ್‌ಕೇಸುಗಳನ್ನು ಮಂಚದಡಿಗೆ ಸರಿಸಿದೆ.

ಎಷ್ಟು ಎತ್ತರ ಬೇಕು? ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಎಷ್ಟು ಅಂತರವಿರಬೇಕು?

ಬೆಕ್ಕು ಕೂರುವ ಎಲ್ಲಕ್ಕಿಂತ ಮೇಲಿನ ಪೀಠವು ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕಾದರೂ, ಅಂದರೆ ಸುಮಾರು 5 ಅಡಿಗಾದರೂ ಇರಲಿ. ಅದಕ್ಕಿಂತ ಕೆಳಗಿದ್ದರೆ ಮನೆಗೆ ಬಂದವರೆಲ್ಲ ಬಗ್ಗಿ ಬಗ್ಗಿ ಮುಟ್ಟುತ್ತಾರೆ. ಅಂಜುವ ಬೆಕ್ಕಿಗೆ ಅದು ಆಸರೆಯಾಗುವುದಿಲ್ಲ. ಪೀಠ ಕನಿಷ್ಠ 12 ಇಂಚು ಆಳ, 18 ಇಂಚು ಉದ್ದವಿದ್ದರೆ ಬೆಕ್ಕು ಸುರುಳಿ ಸುತ್ತಿ ಮಲಗಬಹುದು. ಹಾದುಹೋಗಲು ಮಾತ್ರವಾದರೆ 8 ಇಂಚು ಆಳ ಸಾಕು.

ಮೆಟ್ಟಿಲುಗಳ ನಡುವಿನ ಅಂತರದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಬೆಕ್ಕು ನಿಂತಲ್ಲಿಂದ ಅನಾಯಾಸವಾಗಿ 4 ಅಡಿ ಹಾರುತ್ತದೆ, ಮೇಲೇರುವುದು ಅದಕ್ಕೆ ಕಷ್ಟವೇ ಅಲ್ಲ. ಕಷ್ಟವಿರುವುದು ಇಳಿಯುವುದರಲ್ಲಿ. ಹತ್ತುವಾಗ ಬಲವಾದ ಹಿಂಗಾಲು ತಳ್ಳುತ್ತವೆ. ಇಳಿಯುವಾಗ ಮೈಭಾರವೆಲ್ಲ ಮೊದಲು ಮುಂಗಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಮೆಟ್ಟಿಲ ಅಂತರವನ್ನು ಇಳಿಯುವುದಕ್ಕೆ ಹೊಂದಿಸಿ ಇಡಬೇಕು. ಪ್ರಾಯದ ಬೆಕ್ಕಿಗೆ 12ರಿಂದ 16 ಇಂಚು ಹಿತವಾದ ಅಂತರ. 20 ಇಂಚು ದಾಟಿದರೆ ಇಳಿಯುವ ಜಾಗ ಅಗಲವಾಗಿಯೂ ಜಾರದಂತೆಯೂ ಇರಲೇಬೇಕು. ಮರಿಗೆ, ಮುದಿ ಬೆಕ್ಕಿಗೆ, ತೂಕ ಹೆಚ್ಚಾದದ್ದಕ್ಕೆ 8ರಿಂದ 10 ಇಂಚು.

ಅಂತರ ಹೆಚ್ಚಾಗಿದೆ ಎಂದು ಬೆಕ್ಕೇ ತೋರಿಸಿಕೊಡುತ್ತದೆ. ಅಂಚಿಗೆ ಬಂದು ಮುಂಗಾಲು ಇಳಿಬಿಟ್ಟು ಹಿಂದೆ ಎಳೆದುಕೊಳ್ಳುತ್ತದೆ, ಎರಡು ಮೂರು ಬಾರಿ ಹೀಗೆ ಮಾಡುತ್ತದೆ. ಅಥವಾ ಬೀರುವಿನ ಬಾಗಿಲಿಗೆ ಮೈಯೊತ್ತಿ ಸರ್ರನೆ ಜಾರಿ ಧೊಪ್ಪೆಂದು ಬೀಳುತ್ತದೆ. ಇಳಿಯುವ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತಿದ್ದರೆ ನಡುವೆ ಒಂದು ಮೆಟ್ಟಿಲು ಕಡಿಮೆಯಾಗಿದೆ ಎಂದೇ ತಿಳಿಯಿರಿ.

ಬಾಡಿಗೆ ಮನೆ. ಮಾಲೀಕರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ ಎನ್ನುತ್ತಾರೆ. ಏನು ಮಾಡುವುದು?

ನಮ್ಮದೂ ಅದೇ ಪರಿಸ್ಥಿತಿ. ಇರುವ ಸಾಮಾನುಗಳನ್ನೇ ಸರಿಸಿ ಮೆಟ್ಟಿಲು ಕಟ್ಟಿಕೊಂಡೆವು. ಅದನ್ನು ಪೂರ್ತಿಯಾಗಿ ಹೇಳುತ್ತೇನೆ. ನಿಮ್ಮ ಮನೆಯ ಸಾಮಾನು ಬೇರೆಯಿದ್ದರೂ ಅಳೆಯುವ ಕ್ರಮ ಇದೇ.

ಮೊದಲು ಟೇಪು ಹಿಡಿದು ಎಲ್ಲ ಸಾಮಾನಿನ ಎತ್ತರ ಬರೆದುಕೊಂಡೆ. ತಗಡಿನ ಟ್ರಂಕು 18 ಇಂಚು. ಹೊಲಿಗೆ ಯಂತ್ರ 30 ಇಂಚು; ತಲೆಯನ್ನು ಒಳಗೆ ಮಡಚಿಟ್ಟು ಮುಚ್ಚಳ ಹಾಕಿದರೆ ಸಪಾಟಾದ ಮೇಜಾಗುವ ಹಳೆಯ ಕಾಲದ್ದು. ಪುಸ್ತಕದ ಕಪಾಟು 48 ಇಂಚು. ಕಬ್ಬಿಣದ ಬೀರು 78 ಇಂಚು. ಇವು ನಾಲ್ಕೂ ಬೇರೆ ಬೇರೆ ಗೋಡೆಗಳ ಬಳಿ ಇದ್ದವು. ಎಲ್ಲವನ್ನೂ ಉತ್ತರದ ಗೋಡೆಗೆ ಎತ್ತರದ ಕ್ರಮದಲ್ಲಿ ಒಂದರ ಪಕ್ಕ ಒಂದನ್ನು ನಿಲ್ಲಿಸಿದೆವು. ಬೀರು ಕೊನೆಗೆ, ಕಿಟಕಿಯಿರುವ ಪೂರ್ವದ ಗೋಡೆಯ ಮೂಲೆಗೆ ಬಂತು.

ಟ್ರಂಕಿನಿಂದ ಯಂತ್ರಕ್ಕೆ 12 ಇಂಚು, ಯಂತ್ರದಿಂದ ಕಪಾಟಿಗೆ 18, ಇಲ್ಲಿಯವರೆಗೆ ಸರಿ. ಕಪಾಟಿನಿಂದ ಬೀರುವಿಗೆ ಮಾತ್ರ 30 ಇಂಚು. ಕೆಂಚ ಮೊದಲ ದಿನವೇ ಹಾರಿ ಮೇಲೆ ಹೋದ. ಇಳಿಯುವಾಗ ಅಂಚಿನಲ್ಲಿ ಕೂಗುತ್ತಾ ನಿಂತ. ಬಡಗಿಯಿಂದ 15 ಇಂಚು ಎತ್ತರದ, ಒಂದು ಬದಿ ತೆರೆದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಕಪಾಟಿನ ತಲೆಗೆ ಒಳಗಿನಿಂದ ಸ್ಕ್ರೂ ಹಾಕಿಸಿದೆವು. ಕಪಾಟು ನಮ್ಮದೇ ಆದ್ದರಿಂದ ಅದಕ್ಕೆ ಸ್ಕ್ರೂ ಹಾಕಲು ಯಾರ ಅನುಮತಿಯೂ ಬೇಕಿರಲಿಲ್ಲ. ಈಗ ಅಂತರ 15 ಇಂಚಿಗೆ ಇಳಿಯಿತು, ಪೆಟ್ಟಿಗೆಯ ಒಳಗು ಅಡಗಿ ಕೂರುವ ಗೂಡೂ ಆಯಿತು. ದೀಪಾವಳಿಯ ಪಟಾಕಿ ಸದ್ದಿಗೆ ಕೆಂಚ ಹೋಗಿ ಕೂರುವುದು ಅಲ್ಲಿಯೇ.

ಕಪಾಟು ಗೋಡೆಗೆ ಕಟ್ಟಿಲ್ಲವಾದ್ದರಿಂದ ಮುಂದಕ್ಕೆ ವಾಲದಂತೆ ನೋಡಿಕೊಳ್ಳಬೇಕಾಯಿತು. ಕೆಳಗಿನ ಎರಡು ಸಾಲಿನಲ್ಲಿ ಭಾರದ ನಿಘಂಟುಗಳು ಮತ್ತು ಹಳೆಯ ವಿಶೇಷಾಂಕಗಳ ಕಟ್ಟು, ಮೇಲಿನ ಸಾಲಿನಲ್ಲಿ ಹಗುರ ಪುಸ್ತಕಗಳು. ಮುಂಗಾಲುಗಳ ಕೆಳಗೆ ಕಾಲಿಂಚಿನ ಮರದ ಚಕ್ಕೆ ಕೊಟ್ಟಾಗ ಕಪಾಟು ಗೋಡೆಯ ಕಡೆಗೆ ಒರಗಿ ನಿಂತಿತು. ಮೇಲಿನ ಅಂಚನ್ನು ಹಿಡಿದು ಜೋರಾಗಿ ಮುಂದಕ್ಕೆ ಎಳೆದು ನೋಡಿ. ಹಿಂಗಾಲು ನೆಲ ಬಿಟ್ಟರೆ ಬೆಕ್ಕನ್ನು ಹತ್ತಿಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಒರಗಿಸುವ ಉಪಾಯ ಸಾಲದು. ಮಾಲೀಕರನ್ನು ಒಪ್ಪಿಸಿ ಗೋಡೆಗೆ ಬಿಗಿಯಲೇಬೇಕು.

ಬೀರುವಿನ ತಲೆ ನುಣುಪಾದ ಬಣ್ಣದ ತಗಡು. ಓಡಿ ಬಂದ ಬೆಕ್ಕು ಅದರ ಮೇಲೆ ಜಾರಿ ಆಚೆ ಬೀಳುತ್ತದೆ. ಹಳೆಯ ಯೋಗ ಚಾಪೆಯನ್ನು ಅಳತೆಗೆ ಕತ್ತರಿಸಿ ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿ, ಮೇಲೆ ಗೋಣಿಚೀಲ ಹಾಸಿದೆವು.

ಇನ್ನು ಇಳಿಯುವ ಎರಡನೆಯ ದಾರಿ. ಹೋದ ದಾರಿಯಲ್ಲೇ ಮರಳಬೇಕಾದ ಜಾಗ ಬೆಕ್ಕಿಗೆ ಬೋನಿನ ಹಾಗೆ. ನೆಂಟರ ಮಗು ಟ್ರಂಕಿನ ಮೇಲೆ ಹತ್ತಿ ನಿಂತರೆ ಮೇಲಿನ ಬೆಕ್ಕಿಗೆ ಇಳಿಯಲು ಜಾಗವೇ ಇಲ್ಲ. ಕಿಟಕಿಯ ಕಬ್ಬಿಣದ ಸರಳುಗಳು ಇಲ್ಲಿ ನೆರವಿಗೆ ಬಂದವು. ನೆಲದಿಂದ 57 ಇಂಚು ಎತ್ತರದಲ್ಲಿ ಒಂದು ಹಲಗೆಯನ್ನು ಬ್ರಾಕೆಟ್ ಮತ್ತು ಯು ಆಕಾರದ ಬೋಲ್ಟುಗಳಿಂದ ಸರಳಿಗೆ ಬಿಗಿದೆವು. ಬೀರುವಿನಿಂದ ಅದಕ್ಕೆ 21 ಇಂಚು, ಅಲ್ಲಿಂದ 36 ಇಂಚಿನ ಕಿಟಕಿ ಪೀಠಕ್ಕೆ ಇನ್ನೊಂದು 21, ಪೀಠದಿಂದ ಸ್ಟೂಲು, ಸ್ಟೂಲಿನಿಂದ ನೆಲ. ಈ ಬದಿಯ ಅಂತರ ಕೊಂಚ ಹೆಚ್ಚೇ. ಅದಕ್ಕಾಗಿ ಹಲಗೆಯನ್ನು 14 ಇಂಚು ಆಳ ಮಾಡಿಸಿ ಗೋಣಿ ಸುತ್ತಿದೆವು. ಮನೆ ಬಿಡುವಾಗ ಬೋಲ್ಟು ಬಿಚ್ಚಿದರೆ ಮುಗಿಯಿತು, ಗುರುತೂ ಉಳಿಯುವುದಿಲ್ಲ.

ಗೋಡೆಗೆ ಹಲಗೆ ಹಾಕಲು ಅನುಮತಿ ಇದೆ. ಏನು ನೋಡಿಕೊಳ್ಳಬೇಕು?

ಗೋಡೆ ಯಾವುದರದ್ದು ಎಂಬುದನ್ನು. ಡ್ರಿಲ್ ಹಾಕಿದಾಗ ಉದುರುವ ಪುಡಿಯೇ ತಿಳಿಸುತ್ತದೆ. ಮೊದಲ ಅರ್ಧದಿಂದ ಒಂದು ಇಂಚು ಗಾರೆಯ ಬೂದು ಪುಡಿ ಬರುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ಗಟ್ಟಿಯಾದ ಬೂದು ಹರಳು ಬಂದರೆ ಕಾಂಕ್ರೀಟ್ ಬ್ಲಾಕು; ಎರಡಕ್ಕೂ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಸಾಕು, ಆದರೆ ಗಾರೆ ದಾಟಿ ಒಳಗೆ 2 ಇಂಚಾದರೂ ಸ್ಕ್ರೂ ಹೋಗಿರಬೇಕು. ಸೀಮೆಸುಣ್ಣ ಕೊರೆದಂತೆ ಮೆತ್ತಗೆ ಬಿಳಿಚಿದ ಪುಡಿ ಬಂದರೆ ಅದು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಳಸುವ ಹಗುರ ಬ್ಲಾಕು. ಸಾಮಾನ್ಯ ಪ್ಲಗ್ ಅದರಲ್ಲಿ ದಿನ ಕಳೆದಂತೆ ಸಡಿಲವಾಗುತ್ತದೆ. ಅಂಥ ಗೋಡೆಗೆಂದೇ ಇರುವ ಉದ್ದನೆಯ ಪ್ಲಗ್ ಕೇಳಿ ತನ್ನಿ. ಡ್ರಿಲ್ ಇದ್ದಕ್ಕಿದ್ದಂತೆ ಒಳಗೆ ಜಾರಿಹೋದರೆ ಟೊಳ್ಳು ಬ್ಲಾಕು. ಆ ತೂತು ಬಿಟ್ಟು ಪಕ್ಕಕ್ಕೆ ಸರಿಯಿರಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಎಲ್ಲಿಯೂ ಕೊರೆಯಬಾರದು, ವೈರಿನ ಪೈಪು ಅಲ್ಲಿಯೇ ಹೋಗಿರುತ್ತದೆ.

ಬೆಕ್ಕು 4 ಕಿಲೋ ಇದ್ದರೂ ಹಾರಿ ಬೀಳುವಾಗ ಹಲಗೆಗೆ ತಗಲುವ ಹೊಡೆತ ಅದರ ಹಲವು ಪಟ್ಟು. ನಾವು ಪರೀಕ್ಷೆ ಮಾಡುವುದು ಅಕ್ಕಿ ಮೂಟೆಯಿಂದ. ಹಲಗೆ ಹಾಕಿದ ರಾತ್ರಿ 25 ಕಿಲೋ ಅಕ್ಕಿ ಮೂಟೆಯನ್ನು ಅದರ ಮೇಲಿಟ್ಟು ಮಲಗಿ. ಬೆಳಗ್ಗೆ ಗೋಡೆಗೂ ಬ್ರಾಕೆಟ್ಟಿಗೂ ನಡುವೆ ಕೂದಲೆಳೆಯ ಸಂದು ಕಂಡರೂ ಹಲಗೆ ಬಿಚ್ಚಿ ಮತ್ತೆ ಹಾಕಿಸಿ. ಹಲಗೆ ಒಮ್ಮೆ ಕುಸಿದರೆ ಬೆಕ್ಕು ಮತ್ತೆ ಅದನ್ನು ನಂಬುವುದು ಬಹಳ ಕಷ್ಟ.

ಸೀಲಿಂಗ್ ಫ್ಯಾನ್ ಅಪಾಯವಲ್ಲವೇ?

ಖಂಡಿತ ಅಪಾಯ. ವಿದೇಶದ ಚಿತ್ರಗಳನ್ನು ನೋಡಿ ಮಾಡಿಸುವ ಏರ್ಪಾಟಿನಲ್ಲಿ ಇದು ತಪ್ಪಿಹೋಗುತ್ತದೆ. ನಮ್ಮ ಮನೆಗಳಲ್ಲಿ ಫ್ಯಾನಿನ ರೆಕ್ಕೆ ನೆಲದಿಂದ ಸುಮಾರು 8 ಅಡಿಗೆ ತಿರುಗುತ್ತದೆ. ಬೀರುವಿನ ಮೇಲೆ ನಿಂತ ಬೆಕ್ಕಿನ ತಲೆ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬರುತ್ತದೆ. ಎತ್ತರದ ಪೀಠದ ಅಂಚಿನಿಂದ ರೆಕ್ಕೆಯ ತುದಿಗೆ ಕನಿಷ್ಠ 4 ಅಡಿ ದೂರವಿರಲಿ, ಒಂದು ಪೀಠದಿಂದ ಇನ್ನೊಂದಕ್ಕೆ ಹಾರುವ ದಾರಿ ಫ್ಯಾನಿನ ಕೆಳಗೆ ಹಾಯದಿರಲಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಬೆಕ್ಕು ಅಳತೆ ನೋಡದೆ ನೆಗೆಯುತ್ತದೆ. ಚಿಕ್ಕ ಕೋಣೆಯಲ್ಲಿ ಅಷ್ಟು ದೂರ ಸಿಗದಿದ್ದರೆ ಪೀಠವನ್ನು 5 ಅಡಿಗೇ ನಿಲ್ಲಿಸಿ. ಮಂಚದ ಮೇಲೆ ನಿಂತು ಕೋಲಿನ ಆಟಿಕೆ ಆಡಿಸುವಾಗಲೂ ಫ್ಯಾನ್ ಆರಿಸಿ.

ದುಡ್ಡು ಕೊಟ್ಟು ಕ್ಯಾಟ್ ಟ್ರೀ, ಅಂದರೆ ಬೆಕ್ಕು ಹತ್ತಿ ಕೂರಲೆಂದು ಮಾಡಿದ ಕಂಬ-ತಟ್ಟೆಗಳ ಗೋಪುರ, ತಂದೆವು. ಬೆಕ್ಕು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಮೊದಲು ಅಲುಗಾಡುತ್ತದೆಯೇ ನೋಡಿ. ಅಗ್ಗದ ಕ್ಯಾಟ್ ಟ್ರೀಗಳ ತಳ ಚಿಕ್ಕದು. ಮೇಲಿನ ತಟ್ಟೆಯನ್ನು ಎರಡು ಬೆರಳಿನಿಂದ ತಳ್ಳಿದರೆ ತೂಗುವಂಥದ್ದನ್ನು ಬೆಕ್ಕು ಒಮ್ಮೆ ಹತ್ತಿ ಬಿಟ್ಟುಬಿಡುತ್ತದೆ. ತಳಕ್ಕೆ ಅಗಲವಾದ ಪ್ಲೈವುಡ್ ಹಲಗೆ ಬಿಗಿದು, ಅದರ ಮೇಲೆ ಕಡಪ ಕಲ್ಲಿನ ತುಂಡು ಇಟ್ಟರೆ ಹಿಡಿತ ಬರುತ್ತದೆ.

ಅಲುಗಾಡದಿದ್ದರೆ ತಪ್ಪು ಜಾಗದ್ದು. ಯಾರೂ ಕೂರದ ಮೂಲೆಯಲ್ಲಿ ಇಟ್ಟಿರುತ್ತೇವೆ. ಬೆಕ್ಕಿಗೆ ನೋಡಲು ಏನಾದರೂ ಬೇಕು: ಕಿಟಕಿ, ಇಲ್ಲವೇ ಮನೆಯವರು ಕೂರುವ ಜಾಗ. ಅಡುಗೆ ಕಟ್ಟೆ ಹತ್ತುತ್ತದೆ ಎಂದು ದೂರುವವರ ಮನೆಯಲ್ಲಿ ಬಹುಪಾಲು ಇದೇ ಕಾರಣ. ಅಲ್ಲಿ ಎತ್ತರವಿದೆ, ವಾಸನೆಯಿದೆ, ನೀವಿದ್ದೀರಿ. ಅಡುಗೆಮನೆಯ ಬಾಗಿಲಿನ ಬಳಿ, ಒಲೆಯಿಂದ ದೂರಕ್ಕೆ, ಕಟ್ಟೆಗಿಂತ ಎತ್ತರದ ಒಂದು ಸ್ಟೂಲಿಟ್ಟು ಅಲ್ಲಿ ಕುಳಿತಾಗಲೆಲ್ಲ ಒಂದು ಕಾಳು ತಿಂಡಿ ಕೊಡಿ. ಕಟ್ಟೆಯಿಂದ ಇಳಿಸಿ ಬೈಯುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಹೊಸ ಸಾಮಾನಿಗೆ ಅಂಗಡಿಯ ವಾಸನೆ ಇರುತ್ತದೆ. ಬೆಕ್ಕು ಮಲಗಿದ ಹಳೆಯ ಟವೆಲ್ಲನ್ನು ಮೇಲೆ ಹಾಸಿ, ಎರಡು ವಾರ ಸುಮ್ಮನಿರಿ. ಎತ್ತಿಕೊಂಡು ಹೋಗಿ ಕೂರಿಸಬೇಡಿ.

ಕಿಟಕಿಯಲ್ಲಿ ಕೂರುವ ಜಾಗ ಹೇಗೆ ಮಾಡುವುದು?

ನಮ್ಮ ಕಿಟಕಿಗಳ ಒಳಗಟ್ಟೆ 4ರಿಂದ 6 ಇಂಚು ಅಗಲದ ಗ್ರಾನೈಟ್ ಚಪ್ಪಡಿ. ಬೆಕ್ಕು ಅಲ್ಲಿ ನಿಲ್ಲಬಲ್ಲದು, ಮಲಗಲಾರದು. ಅದೇ ಎತ್ತರದ ಮೇಜು ಅಥವಾ ಕಪಾಟನ್ನು ಕಿಟಕಿಗೆ ಒತ್ತಿ ಇಡುವುದು ಎಲ್ಲಕ್ಕಿಂತ ಸುಲಭ. ಅದಿಲ್ಲದಿದ್ದರೆ ಮುಕ್ಕಾಲು ಇಂಚು ದಪ್ಪದ, 14 ಇಂಚು ಆಳದ ಪ್ಲೈವುಡ್ ಹಲಗೆಯನ್ನು ಕಟ್ಟೆಯ ಮೇಲೆ ಕೂರಿಸಿ, ಹಿಂದಿನ ಅಂಚನ್ನು ಸರಳಿಗೆ ಬೋಲ್ಟಿನಿಂದ ಬಿಗಿದು, ಮುಂದೆ ಚಾಚಿದ ಭಾಗಕ್ಕೆ ಕೆಳಗಿನಿಂದ ಎರಡು ಕಾಲು ಕೊಡಿ. ಅಕ್ಕಿ ಮೂಟೆಯ ಪರೀಕ್ಷೆ ಇಲ್ಲಿಯೂ ಆಗಲಿ.

ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟುವ ತೊಟ್ಟಿಲುಗಳು ಅಂಗಡಿಯಲ್ಲಿ ಸಿಗುತ್ತವೆ. ಗಾಜು ಸ್ವಚ್ಛವಾಗಿದ್ದು ಬಟ್ಟಲು ಹೊಸದಾಗಿದ್ದಾಗ ಹಿಡಿಯುತ್ತವೆ. ಧೂಳು, ಬಿಸಿಲು ಕೂಡಿದರೆ ಬಿಡುತ್ತವೆ. ಜಾರುವ ಕಿಟಕಿಯ ತೆಳು ಗಾಜಿಗೆ ಅವನ್ನು ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಯಾವ ಕಿಟಕಿ ಎಂಬುದನ್ನು ಹೊರಗೇನಿದೆ ಎಂಬುದರಿಂದ ಆರಿಸಿ. ನಮ್ಮ ಪೂರ್ವದ ಕಿಟಕಿಯೆದುರು ಹೊಂಗೆ ಮರವಿದೆ. ಬೆಳಗ್ಗೆ ಅಳಿಲು, ಸೂರಕ್ಕಿ, ಆಮೇಲೆ ಹೂವಿಗೆ ಬರುವ ಜೇನು; ಕೆಂಚನಿಗೆ ಒಂಬತ್ತು ಗಂಟೆಯವರೆಗೆ ಬೇರೇನೂ ಬೇಡ. ಪಡುವಣದ ಕಿಟಕಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಕಾದ ಹೆಂಚಾಗುತ್ತದೆ. ಬೇರೆ ಕಿಟಕಿಯೇ ಇಲ್ಲದಿದ್ದರೆ ಅರ್ಧಕ್ಕೆ ಬಿದಿರಿನ ತೆರೆ ಇಳಿಬಿಡಿ, ಬೆಕ್ಕು ನೆರಳಿಗೆ ಸರಿಯಲು ಜಾಗವಿರಲಿ.

ಕಿಟಕಿಗೆ ಸರಳಿದೆ, ಸೊಳ್ಳೆ ಜಾಲರಿಯಿದೆ. ಅಷ್ಟು ಸಾಕಲ್ಲವೇ?

ಸಾಲದು. ಬೆಕ್ಕಿನ ಕೊರಳೆಲುಬು ಬೇರೆ ಎಲುಬುಗಳಿಗೆ ಬೆಸೆದಿರುವುದಿಲ್ಲ, ಹಾಗಾಗಿ ಭುಜವನ್ನು ಅದು ಬಹಳ ಕುಗ್ಗಿಸಬಲ್ಲದು. ತಲೆ ಹೊಕ್ಕರೆ ಮೈ ಹೊಕ್ಕಂತೆಯೇ. 4 ಇಂಚು ಅಂತರದ ಸರಳು ಅದಕ್ಕೆ ತೆರೆದ ಬಾಗಿಲು. ದೊಡ್ಡ ಬೆಕ್ಕಿಗೆ ಸಂದು 2 ಇಂಚಿನೊಳಗಿರಲಿ, ಮರಿಗೆ 1 ಇಂಚಿನೊಳಗೆ. ಫೈಬರ್ ಸೊಳ್ಳೆ ಜಾಲರಿ ಉಗುರಿಗೆ ಹರಿಯುತ್ತದೆ. ಜಾರುವ ಕಿಟಕಿಯ ಜಾಲರಿ ಚೌಕಟ್ಟಂತೂ ಬೆಕ್ಕು ಮೈಭಾರ ಹಾಕಿದರೆ ಹಳಿ ತಪ್ಪಿ ಹೊರಗೇ ಬೀಳಬಹುದು. ಸರಳಿಗೆ ಒಳಬದಿಯಿಂದ ಒಂದಿಂಚು ಕಣ್ಣಿನ ಸ್ಟೀಲ್ ವೆಲ್ಡ್ ಜಾಲರಿ ಕಟ್ಟಿಸುವುದು ನಾನು ನಂಬುವ ಉಪಾಯ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದರೆ ತಿಂಗಳಿಗೊಮ್ಮೆ ಕೆಳ ಅಂಚಿನ ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಿ. ನೈಲಾನ್ ದಾರವನ್ನು ಬೆಕ್ಕು ಕಚ್ಚುವುದು ಅಲ್ಲಿಯೇ.

ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ಬೀಳುತ್ತದೆ, ಏನೂ ಆಗುವುದಿಲ್ಲ ಎಂಬ ಮಾತಿದೆ. 1987ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನವನ್ನು ಅದಕ್ಕೆ ಆಧಾರವಾಗಿ ಹೇಳುತ್ತಾರೆ. ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಅದು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು. ಆದರೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅವು ಆ ಲೆಕ್ಕದಲ್ಲಿಲ್ಲ. ಬದುಕಿದವುಗಳಲ್ಲೂ ಎದೆಯ ಪೆಟ್ಟು, ಮುಖದ ಪೆಟ್ಟು, ಕಾಲು ಮುರಿತ ಸಾಮಾನ್ಯವಾಗಿದ್ದವು. ಜಾಲರಿ ಕಟ್ಟಿಸಿದ ಮೇಲೆಯೇ ಪೀಠ ಹಾಕಿ.

ಕಿಟಕಿಯಲ್ಲಿ ಕೂತು ಹಲ್ಲು ಕಟಕಟ ಮಾಡುತ್ತದೆ. ಸಿಗದ ಹಕ್ಕಿ ನೋಡಿ ಸಂಕಟಪಡುತ್ತಿದೆಯೇ?

ಹಕ್ಕಿ ಕಂಡು ದವಡೆ ಅದುರಿಸುವುದು ಬೇಟೆಯ ಉತ್ಸಾಹ, ಅದಕ್ಕೆ ಹೆದರಬೇಕಿಲ್ಲ. ಬೀದಿಯ ಇನ್ನೊಂದು ಬೆಕ್ಕನ್ನು ಕಂಡು ಬಾಲ ಉಬ್ಬಿಸಿ ಗುರುಗುಟ್ಟುವುದು ಮಾತ್ರ ಬೇರೆಯ ವಿಷಯ. ಆ ಸಿಟ್ಟನ್ನು ಅದು ಹತ್ತಿರವಿದ್ದವರ ಮೇಲೆ ತೀರಿಸಿಕೊಳ್ಳುತ್ತದೆ. ಆಗ ಎತ್ತಿಕೊಳ್ಳಲು ಹೋದ ಕೈಗೆ ಆಳವಾಗಿ ಕಚ್ಚುತ್ತದೆ. ಮುಟ್ಟಬೇಡಿ. ಪರದೆ ಎಳೆದು, ಕೋಣೆ ಕತ್ತಲು ಮಾಡಿ, ತಾನಾಗಿ ತಣಿಯಲು ಬಿಡಿ. ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ದಿನವೂ ಇದೇ ಆದರೆ ಗಾಜಿನ ಕೆಳಭಾಗಕ್ಕೆ ಮಂಜು ಕವಿದಂತೆ ಮಸುಕಾಗಿಸುವ ಕಾಗದ ಅಂಟಿಸಿ. ಮರ ಕಾಣಲಿ, ಬೀದಿ ಕಾಣದಿರಲಿ.

ಆಟಿಕೆಗಳ ರಾಶಿಯೇ ಇದೆ, ಆದರೆ ಆಡುವುದಿಲ್ಲ. ಸೋಮಾರಿಯೇ?

ನೆಲದ ಮೇಲೆ ಬಿದ್ದಿರುವ ಆಟಿಕೆ ಬೆಕ್ಕಿನ ಕಣ್ಣಿಗೆ ಸತ್ತ ಇಲಿ. 2002ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಬೆಕ್ಕುಗಳ ಆಸಕ್ತಿ ಇಳಿಯುತ್ತಾ ಹೋಯಿತು. ಆಮೇಲೆ ಬೇರೊಂದು ಆಟಿಕೆ ಕೊಟ್ಟೊಡನೆ ಆಟ ಮತ್ತೆ ಚಿಗುರಿತು. ಬೇಸರ ಬಂದದ್ದು ಆಟದ ಮೇಲಲ್ಲ, ಆ ಆಟಿಕೆಯ ಮೇಲೆ. ಆದ್ದರಿಂದ ಮೂರನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಡಬ್ಬಿಯಲ್ಲಿ ಮುಚ್ಚಿಡಿ, ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ.

ಹೆಚ್ಚು ಮುಖ್ಯವಾದದ್ದು ಆಡಿಸುವ ಕೈ. ಕೆಂಚನ ಅಚ್ಚುಮೆಚ್ಚಿನ ಆಟಿಕೆ ಕಡ್ಡಿಪೊರಕೆಯ ಒಂದು ಕಡ್ಡಿ. ಬಳುಕುವ ತುದಿಗೆ ಚಿಂದಿ ಬಟ್ಟೆಯ ಗಂಟು ಕಟ್ಟಿದ್ದೇನೆ, ಅಷ್ಟೇ. ಅದನ್ನು ಮುಖದೆದುರು ಕುಣಿಸಬೇಡಿ. ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಓಡಿ ಬರುವುದಿಲ್ಲ. ದೂರಕ್ಕೆ, ಗೋಡೆಯ ಅಂಚಿಗೆ, ಸೋಫಾದ ಮರೆಗೆ ಸರಿಸಿ. ನಿಲ್ಲಿಸಿ. ತುದಿ ಮಾತ್ರ ಸ್ವಲ್ಪ ನಡುಗಲಿ. ಮತ್ತೆ ಮರೆಯಾಗಲಿ. ದಿನಪತ್ರಿಕೆಯ ಹಾಳೆಯ ಕೆಳಗೆ ಹೊಗಿಸಿದರೆ ಬರುವ ಸರಸರ ಸದ್ದಿಗೆ ಎಂಥ ಬೆಕ್ಕೂ ಕಿವಿ ನಿಮಿರಿಸುತ್ತದೆ.

ಹೊಂಚಿ ಕೂತು, ಪೃಷ್ಠ ಅಲ್ಲಾಡಿಸಿ ನೋಡುತ್ತಿರುವಾಗ ಅದು ಆಡುತ್ತಿಲ್ಲ ಎಂದು ನಾವು ಕಡ್ಡಿ ಕೆಳಗಿಟ್ಟುಬಿಡುತ್ತೇವೆ. ಅದೇ ಆಟದ ಮುಕ್ಕಾಲು ಭಾಗ. ಹೊಂಚು, ಓಟ, ನೆಗೆತ, ಹಿಡಿತ, ಕಚ್ಚು, ಊಟ. ಬೇಟೆಯ ಈ ಸಾಲು ಪೂರ್ತಿಯಾಗಬೇಕು. ಮೂರು ನಾಲ್ಕು ಬಾರಿಗೊಮ್ಮೆ ಆಟಿಕೆ ನಿಜವಾಗಿಯೂ ಸಿಕ್ಕಿಬೀಳಲಿ, ಕಚ್ಚಿ ಒದೆಯಲು ಬಿಡಿ. ಕೊನೆಗೆ ಚಲನೆ ನಿಧಾನಿಸಿ, ಬೇಟೆ ಸಾಯುವಂತೆ ಮಾಡಿ, ಕೂಡಲೇ ಊಟ ಹಾಕಿ. ನಮ್ಮಲ್ಲಿ ಒಂದು ಸರದಿ 8ರಿಂದ 10 ನಿಮಿಷ, ಬೆಳಗ್ಗೆ ಒಂದು, ಸಂಜೆ ಒಂದು, ರಾತ್ರಿ ಮಲಗುವ ಮುನ್ನ ಒಂದು. ಊಟಕ್ಕೆ ಮುಂಚೆ ಆಡಿಸುವುದಕ್ಕೆ ಇನ್ನೊಂದು ಕಾರಣವಿದೆ: ಹಸಿದ ಬೆಕ್ಕು ಹೆಚ್ಚು ಹುರುಪಿನಿಂದ ಆಡುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ನಿಲ್ಲಿಸಿ. ಮತ್ತೆ ಮತ್ತೆ ಹಾಗಾದರೆ ಹೃದಯ, ಶ್ವಾಸಕೋಶ ಪರೀಕ್ಷೆ ಮಾಡಿಸಬೇಕು.

ಈ ಆಟಕ್ಕೂ ಮೇಲಿನ ಮೆಟ್ಟಿಲಿಗೂ ನಂಟಿದೆ. ಕಡ್ಡಿಯನ್ನು ಟ್ರಂಕಿನಿಂದ ಯಂತ್ರಕ್ಕೆ, ಅಲ್ಲಿಂದ ಕಪಾಟಿಗೆ ಹರಿಸಿದರೆ ಚಿಕ್ಕ ಹಾಲಿನಲ್ಲೇ ಓಡಲು ಉದ್ದದ ದಾರಿ ಸಿಗುತ್ತದೆ. ಹೊಸ ಪೀಠಕ್ಕೆ ಹೆದರುತ್ತಿದ್ದ ಕೆಂಚ ಅದನ್ನು ಏರಿದ್ದು ಹೀಗೆಯೇ, ಚಿಂದಿಯ ಹಿಂದೆ.

ಲೇಸರ್ ದೀಪ?

ನಾನು ಬಳಸುವುದಿಲ್ಲ. ಓಡಿ ಓಡಿ ಕೊನೆಗೂ ಪಂಜಕ್ಕೆ ಏನೂ ಸಿಗುವುದಿಲ್ಲ. ಬಳಸುವವರು ಕಣ್ಣಿಗೆ ಬಿಡದೆ, ಕೊನೆಗೆ ಚುಕ್ಕೆಯನ್ನು ಒಂದು ತಿಂಡಿಯ ಮೇಲೆ ನಿಲ್ಲಿಸಿ ಆರಿಸಿ.

ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತದೆ.

ಮುಂಜಾವು, ಮುಸ್ಸಂಜೆ ಬೆಕ್ಕಿನ ಬೇಟೆಯ ವೇಳೆ. ರಾತ್ರಿ ಹತ್ತಕ್ಕೆ ಆಡಿಸಿ ದಿನದ ಊಟದ ದೊಡ್ಡ ಪಾಲನ್ನು ಆಗ ಕೊಡಿ. ಉಳಿದ ಒಣ ಆಹಾರವನ್ನು ಮೊಟ್ಟೆಯ ತಟ್ಟೆಯ ಗುಳಿಗಳಲ್ಲಿ ಹರಡಿ, ಕೆಲವು ಗುಳಿಗಳಿಗೆ ಕಾಗದದ ಉಂಡೆ ಮುಚ್ಚಿ, ಹಾಲಿನಲ್ಲಿಡಿ. ಜಾವಕ್ಕೆ ಅದು ಪಂಜದಿಂದ ಕೆದಕಿ ತಿನ್ನುತ್ತದೆ. ನಾಲ್ಕಕ್ಕೆ ಎದ್ದು ಒಮ್ಮೆ ಬಟ್ಟಲು ತುಂಬಿದಿರೋ, ಕೂಗಿದರೆ ಊಟ ಎಂದು ಕಲಿಸಿದಂತಾಗುತ್ತದೆ. ಕೂಗು ನಿಲ್ಲುವ ಮುನ್ನ ಕೆಲವು ದಿನ ಇನ್ನೂ ಜೋರಾಗುತ್ತದೆ. ಆ ದಿನಗಳಲ್ಲಿ ಸೋಲಬಾರದು.

ಮನೆಯ ಯಾವ ವಸ್ತು ಆಟಿಕೆಯಾಗಬಾರದು?

ದಾರ. ಅದರಲ್ಲೂ ಹೂವಿನ ಮಾಲೆಯ ದಾರ. ಬಾಡಿದ ಮಲ್ಲಿಗೆ ಮಾಲೆಯನ್ನು ದೇವರ ಮನೆಯ ಮೂಲೆಯಲ್ಲೋ ಕನ್ನಡಿಯ ಮುಂದೆಯೋ ಬಿಟ್ಟಿರುತ್ತೇವೆ. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ ಕರುಳು ದಾರದ ಮೇಲೆ ನೆರಿಗೆ ಕಟ್ಟಿ, ದಾರ ಕರುಳನ್ನೇ ಕೊಯ್ಯುತ್ತದೆ. ಹೊಲಿಗೆ ದಾರ, ತಲೆಗೂದಲ ರಬ್ಬರು, ರಾಖಿ, ಅಲಂಕಾರದ ಜರಿ ಎಲ್ಲವೂ ಹೀಗೆಯೇ. ವಾಂತಿ, ಊಟ ಬಿಡುವುದು, ಜೊಲ್ಲು ಕಂಡರೆ ಕಾಯಬೇಡಿ. ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಲೇಬೇಡಿ, ಹಾಗೆಯೇ ವೈದ್ಯರ ಬಳಿ ಒಯ್ಯಿರಿ. ಕಡ್ಡಿಯ ಆಟಿಕೆಯನ್ನೂ ಆಡಿಸಿದ ಮೇಲೆ ಒಳಗಿಡಿ.

ಉಗುರು ಕೆರೆಯಲು ಸೋಫಾವನ್ನೇ ಹಿಡಿದಿದೆ.

ಕೆರೆಯುವಾಗ ಬೆಕ್ಕು ಮೈಯನ್ನು ಪೂರ್ತಿ ನೀಳಮಾಡಿ ಎಳೆಯುತ್ತದೆ. ಅದಕ್ಕೆ ಸುಮಾರು 3 ಅಡಿ ಎತ್ತರದ, ಎಳೆದರೆ ಕದಲದ ಕಂಬ ಬೇಕು. ಕತ್ತಾಳೆ ಹಗ್ಗ ಅಥವಾ ಗೋಣಿಯನ್ನು ಬಿಗಿಯಾಗಿ ಸುತ್ತಿದ ಕಂಬವನ್ನು ಸೋಫಾದ ಅದೇ ಮೂಲೆಗೆ ತಾಗಿಸಿ ನಿಲ್ಲಿಸಿ. ನಾವು ಹೊಲಿಗೆ ಯಂತ್ರದ ಕಾಲಿಗೇ ಹಗ್ಗ ಸುತ್ತಿದ್ದೇವೆ. ಬೀಡುಕಬ್ಬಿಣದ ಕಾಲು ಅಲ್ಲಾಡುವುದಿಲ್ಲ.

ಎರಡು ಬೆಕ್ಕುಗಳಿದ್ದರೆ?

ಒಂದೇ ಎತ್ತರದ ಎರಡು ಪೀಠಗಳು, ಒಂದಕ್ಕೊಂದು ದೂರದಲ್ಲಿ. ಎರಡು ಇಳಿಯುವ ದಾರಿಗಳಂತೂ ಇರಲೇಬೇಕು. ಕಾದಾಟವಿಲ್ಲ ಎಂದು ಸಮಾಧಾನಪಡುವ ಮೊದಲು ಒಂದು ಸಂಜೆ ಸುಮ್ಮನೆ ಕೂತು ನೋಡಿ. ಒಂದು ಬೆಕ್ಕು ಬಾಗಿಲಿನಲ್ಲಿ ಮಲಗಿ, ಇನ್ನೊಂದು ಮಲಮೂತ್ರದ ತಟ್ಟೆಗೆ ಹೋಗಲಾರದೆ ಮಂಚದಡಿ ಕಾಯುತ್ತಿರಬಹುದು. ಸದ್ದಿಲ್ಲದ ಜಗಳ ಅದು. ಮಲಮೂತ್ರದ ತಟ್ಟೆಗಳು ಮೂರಿರಲಿ, ಮೂರನ್ನೂ ಒಂದೇ ಕಡೆ ಸಾಲಾಗಿ ಇಡಬೇಡಿ.

ಇದೆಲ್ಲ ಮಾಡಿದ್ದು ಬೆಕ್ಕಿಗೆ ಹಿಡಿಸಿದೆ ಎಂದು ಹೇಗೆ ತಿಳಿಯುವುದು?

ಒಂದು ವಾರ, ಎರಡು ಗಂಟೆಗೊಮ್ಮೆ ಬೆಕ್ಕು ಎಲ್ಲಿದೆ ಎಂದು ಚೀಟಿಯಲ್ಲಿ ಬರೆದಿಡಿ. ಮಂಚದಡಿ, ಬೀರುವಿನ ಹಿಂದೆ ಎಂದೇ ತುಂಬಿದ್ದರೆ ಇನ್ನೂ ಭಯವಿದೆ. ಕಿಟಕಿ, ಕಪಾಟು, ನಿಮ್ಮ ಪಕ್ಕ ಎಂದು ಹಂಚಿಹೋಗಿದ್ದರೆ, ಮಲಗುವಾಗ ಹೊಟ್ಟೆ ಅಡಿಮಾಡದೆ ಕಾಲು ಚಾಚಿದ್ದರೆ ಹಿಡಿಸಿದೆ. ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳಾಗುವುದು, ತಟ್ಟೆಯ ಹೊರಗೆ ಮೂತ್ರ ಮಾಡುವುದು ಬೇಸರದ ಲಕ್ಷಣವೂ ಹೌದು, ರೋಗದ ಲಕ್ಷಣವೂ ಹೌದು. ಮೊದಲು ವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಅದು ಬೆಳಗಾಗುವವರೆಗೆ ಕಾಯುವ ವಿಷಯವಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಮುದಿ ಬೆಕ್ಕಿಗೆ ಎತ್ತರ ಬೇಡವಲ್ಲವೇ?

ಬೇಕು, ದಾರಿ ಮಾತ್ರ ಬದಲಾಗಬೇಕು. ವಯಸ್ಸಾದ ಬೆಕ್ಕುಗಳಲ್ಲಿ ಕೀಲುನೋವು ಬಹಳ ಸಾಮಾನ್ಯ. ಅವು ಕುಂಟುವುದಿಲ್ಲ, ಕೂಗುವುದಿಲ್ಲ; ಹತ್ತುವುದನ್ನು ಸದ್ದಿಲ್ಲದೆ ಬಿಡುತ್ತವೆ. ಕೆಂಚನಿಗೆ ಈಗ 11 ವರ್ಷ. ಹೋದ ವರ್ಷ ಬೀರುವಿನ ಮೇಲಿನ ಗೋಣಿಯಲ್ಲಿ ಕೂದಲು ಕಾಣದಾದಾಗ, ಅವನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ್ದಾನೆಂದು ತಿಳಿಯಿತು. ವೈದ್ಯರು ಔಷಧಿ ಕೊಟ್ಟರು. ಟ್ರಂಕಿನ ಮುಂದೆ 9 ಇಂಚಿನ ಒಂದು ಮಣೆ, ಯಂತ್ರಕ್ಕೂ ಕಪಾಟಿಗೂ ನಡುವೆ ಇನ್ನೊಂದು ಪೆಟ್ಟಿಗೆ ಸೇರಿಸಿದೆವು. ಕಿಟಕಿ ಬದಿಯ ಮೇಲಿನ ಹಲಗೆಯನ್ನು ಬಿಚ್ಚಿ, ಸ್ಟೂಲಿನಿಂದ ಪೀಠಕ್ಕೆ ಗೋಣಿ ಸುತ್ತಿದ ಇಳಿಜಾರು ಹಲಗೆ ಕಟ್ಟಿದೆವು. ಬೀರುವಿನ ಮೇಲೆ ಅವನು ಈಗ ವಾರಕ್ಕೊಮ್ಮೆ ಹೋದರೆ ಹೆಚ್ಚು. ಕಪಾಟಿನ ಪೆಟ್ಟಿಗೆಯವರೆಗೆ ದಿನವೂ ಹೋಗುತ್ತಾನೆ, ಹೊಂಗೆಯ ಅಳಿಲುಗಳು ಬರುವ ಹೊತ್ತಿಗೆ ಇಳಿಜಾರು ಹತ್ತಿ ಕಿಟಕಿಗೆ ಬರುತ್ತಾನೆ.